ಕೈ ತೆಗೆದರೂ ನಿಲ್ಲದ ಸ್ವರ, ಒತ್ತಿದರೂ ಬಾರದ ಸ್ವರ

ಪ್ರಶ್ನೆ: ಸರ್, ನಾನು ಕುಮಟಾದವನು. ಮನೆಯಲ್ಲಿ, ದೇವಸ್ಥಾನದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. 49 ಕೀಗಳ ಯುಎಸ್‌ಬಿ ಮಿಡಿ ಕೀಬೋರ್ಡ್ ತಗೊಂಡು, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಪ್ರೋಗ್ರಾಂ ರೀಪರ್ ಮತ್ತು ಅದರೊಳಗೆ ಸೌಂಡ್ ಫೈಲ್ ನುಡಿಸುವ ಸ್ಫೋರ್ಜಾಂಡೋ ಹಾಕಿ, ಹಾರ್ಮೋನಿಯಂ ಸೌಂಡ್ ಇಟ್ಟುಕೊಂಡಿದ್ದೇನೆ. ಈಗ ಭಜನೆಯ ಮಧ್ಯೆ ಒಂದೊಂದು ಸ್ವರ ಕೈ ತೆಗೆದರೂ ಕೂಗುತ್ತಲೇ ಇರುತ್ತದೆ. ಮಧ್ಯ ಸಪ್ತಕದ ರಿ ಸದ್ದೇ ಮಾಡುವುದಿಲ್ಲ. ಮೇಲಿನ ಗ ಜೋರಾಗಿ ಒತ್ತಿದರೆ ಮಾತ್ರ ಬರುತ್ತದೆ. ಮಳೆ ಶುರುವಾದ ಮೇಲೆ ಕಾಟ ಜಾಸ್ತಿ. ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಾರೆ. ಹಾಳಾಗಿರುವುದು ಕೀಬೋರ್ಡೋ, ಸಾಫ್ಟ್‌ವೇರೋ? ಹೇಗೆ ತಿಳಿಯುವುದು?

ಉತ್ತರ: ಹೊಸದು ತಗೊಳ್ಳುವ ಮಾತು ಸದ್ಯಕ್ಕೆ ಬಿಡಿ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣ ಇರಬಹುದು ಅನ್ನಿಸುತ್ತದೆ. ಅದರಲ್ಲಿ ಒಂದಕ್ಕೆ ಮಾತ್ರ ಸ್ಕ್ರೂಡ್ರೈವರ್ ಬೇಕಾದೀತು.

ಮಿಡಿ ಕೀಬೋರ್ಡಿನಿಂದ ಸದ್ದು ಬರುವುದಿಲ್ಲ. ನೀವು ಕೀ ಒತ್ತಿದಾಗ ಅದು ಲ್ಯಾಪ್‌ಟಾಪಿಗೆ ಒಂದು ಪುಟ್ಟ ಸುದ್ದಿ ಕಳಿಸುತ್ತದೆ: ಇಂಥ ನಂಬರಿನ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು ಅಂತ. ಕೈ ತೆಗೆದಾಗ ಇನ್ನೊಂದು ಸುದ್ದಿ: ಆ ನಂಬರಿನ ಕೀ ಬಿಟ್ಟರು. ಸದ್ದು ಮಾಡುವುದು, ನಿಲ್ಲಿಸುವುದು ಎಲ್ಲ ಸ್ಫೋರ್ಜಾಂಡೋ ಕೆಲಸ. ಹಾಗಾಗಿ ಸ್ವರ ನಿಲ್ಲದಿದ್ದರೆ ಎರಡೇ ಸಾಧ್ಯತೆ. ಬಿಟ್ಟ ಸುದ್ದಿ ಬರಲೇ ಇಲ್ಲ, ಇಲ್ಲವೇ ಬಂದರೂ ಸಾಫ್ಟ್‌ವೇರ್ ಅದನ್ನು ಪಾಲಿಸಲಿಲ್ಲ. ಸ್ವರ ಬಾರದಿದ್ದರೂ ಇದೇ ಲೆಕ್ಕ. ಕಿವಿಯಿಂದ ಇದು ಗೊತ್ತಾಗುವುದಿಲ್ಲ, ಕಣ್ಣಿಂದ ನೋಡಬೇಕು.

ಹಾರ್ಮೋನಿಯಂ ನುಡಿಸುವವರಿಗೇ ಈ ಕಾಟ ಜಾಸ್ತಿ ಕಾಣುವುದಕ್ಕೆ ಒಂದು ಕಾರಣವಿದೆ. ಪಿಯಾನೋ ಸೌಂಡಿನಲ್ಲಿ ಬಿಟ್ಟ ಸುದ್ದಿ ತಪ್ಪಿಹೋದರೂ ಸ್ವರ ತಾನಾಗಿ ಕರಗಿ ಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಹಾರ್ಮೋನಿಯಂ ಸೌಂಡ್ ಹಾಗಲ್ಲ. ನಿಲ್ಲು ಅನ್ನುವ ತನಕ ಕೂಗುತ್ತದೆ. ಹಾಗಾಗಿ "ಪಿಯಾನೋದಲ್ಲಿ ಸರಿಯಿದೆ, ಹಾರ್ಮೋನಿಯಂನಲ್ಲಿ ಮಾತ್ರ ತೊಂದರೆ, ಅಂದರೆ ಸೌಂಡ್ ಫೈಲೇ ಕೆಟ್ಟಿದೆ" ಅಂತ ತೀರ್ಮಾನ ಮಾಡಬೇಡಿ.

ಮೊದಲು ಜೋಡಣೆ ಸರಿಯಿದೆಯಾ ನೋಡಿ

ಇದನ್ನು ಬೇಗ ಮುಗಿಸೋಣ. ಕೀಬೋರ್ಡನ್ನು ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಕೇಬಲ್ ಬದಲಿಸಿದ್ದರೆ ಅದು ಡೇಟಾ ಹೋಗುವ ಕೇಬಲ್ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. ಮೊಬೈಲ್ ಚಾರ್ಜರಿನ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ. ಕೀಬೋರ್ಡಿನ ದೀಪ ಚೆನ್ನಾಗಿ ಉರಿಯುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಅದು ಕಾಣುವುದೇ ಇಲ್ಲ.

ರೀಪರಿನಲ್ಲಿ `Options > Preferences` ತೆರೆದು `MIDI Devices` ಪುಟಕ್ಕೆ ಹೋಗಿ. ಹೊಸ ಆವೃತ್ತಿಯಲ್ಲಿ ಅದರ ಹೆಸರು `MIDI Inputs`. ಅಲ್ಲಿ ನಿಮ್ಮ ಕೀಬೋರ್ಡಿನ ಹೆಸರು ಎರಡು ಸಲ ಕಾಣಿಸಬಹುದು. ಎರಡನೆಯದು ಸಾಮಾನ್ಯವಾಗಿ ಪ್ಲೇ, ಸ್ಟಾಪ್ ಗುಂಡಿಗಳಿಗಾಗಿ ಇರುತ್ತದೆ. ಕೀಗಳ ಸುದ್ದಿ ಬರುವ ಒಂದನ್ನೇ ಚಾಲೂ ಮಾಡಿ, ಇನ್ನೊಂದನ್ನು ಬಿಡಿ. ಎರಡರಿಂದಲೂ ಸುದ್ದಿ ಬಂದರೆ ಒಂದೇ ಸ್ವರ ಎರಡೆರಡು ಸಲ ಶುರುವಾಗಿ ಗೊಂದಲವಾಗುತ್ತದೆ. ಆಮೇಲೆ `Track > Insert virtual instrument on new track` ಒತ್ತಿ ಸ್ಫೋರ್ಜಾಂಡೋ ಆರಿಸಿ. ಹೀಗೆ ಮಾಡಿದರೆ ಟ್ರ್ಯಾಕ್ ತಾನೇ ಕೀಬೋರ್ಡಿಗೆ ಕಿವಿ ಕೊಟ್ಟು ಕೂರುತ್ತದೆ.

ಕೀ ಒತ್ತಿದ್ದಕ್ಕೂ ಸದ್ದು ಬಂದದ್ದಕ್ಕೂ ನಡುವೆ ತಡ ಅನ್ನಿಸಿದರೆ ಆಡಿಯೋ ಸೆಟ್ಟಿಂಗಿನಲ್ಲಿ ಎಎಸ್‌ಐಒ ಡ್ರೈವರ್ ಆರಿಸಿ, ಬಫರ್ 256 ಇಡಿ. 48,000 ಹರ್ಟ್ಸ್‌ನಲ್ಲಿ ಅದು ಸುಮಾರು 5 ಮಿಲಿಸೆಕೆಂಡ್, ಭಜನೆಗೆ ಧಾರಾಳ ಸಾಕು. 64ಕ್ಕೆ ಇಳಿಸಿ ಹಳೆಯ ಲ್ಯಾಪ್‌ಟಾಪನ್ನು ಸುಮ್ನೆ ಗೋಳಾಡಿಸಬೇಡಿ, ಸದ್ದು ಚಟಪಟ ಅನ್ನಲು ಶುರುವಾಗುತ್ತದೆ.

ಸುದ್ದಿಯನ್ನು ಕಣ್ಣಾರೆ ನೋಡುವುದು

ವಿಂಡೋಸಿಗೆ ಮಿಡಿ-ಆಕ್ಸ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಮನೆ ಬಳಕೆಗೆ ಪುಕ್ಕಟೆ. ಅದನ್ನು ತೆರೆಯುವ ಮೊದಲು ರೀಪರನ್ನು ಪೂರ್ತಿ ಮುಚ್ಚಿ. ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಮಿಡಿ ಕೀಬೋರ್ಡನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಲ್ಲದು. ರೀಪರಿನಲ್ಲಿ ಎಲ್ಲ ಸರಿಯಿದ್ದೂ ಒಂದು ಕೀ ಕೂಡ ಕೇಳದಿದ್ದರೆ ಇದೇ ಕಾರಣ ಇರಬಹುದು. ಬ್ರೌಸರಿನಲ್ಲಿ ಮಕ್ಕಳು ತೆರೆದಿಟ್ಟ ಆನ್‌ಲೈನ್ ಪಿಯಾನೋ ಪುಟವೂ ಕೀಬೋರ್ಡನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ.

ಮಿಡಿ-ಆಕ್ಸ್‌ನಲ್ಲಿ `Options > MIDI Devices` ಒಳಗೆ ಕೀಬೋರ್ಡನ್ನು ಆರಿಸಿ. ಈಗ ಎಡಗಡೆಯಿಂದ ಮೂರನೆಯ ಸಿ ಕೀ ಒತ್ತಿ ಬಿಡಿ. ಆಕ್ಟೇವ್ ಗುಂಡಿ ಮುಟ್ಟಿರದ 49 ಕೀಗಳ ಕೀಬೋರ್ಡಿನಲ್ಲಿ ಎಡತುದಿಯ ಕೀ ನಂಬರ್ ಸಾಮಾನ್ಯವಾಗಿ 36, ಬಲತುದಿ 84. ಮೂರನೆಯ ಸಿ ಅಂದರೆ 60. ಪರದೆಯಲ್ಲಿ ಬರುವ ಸಾಲುಗಳಲ್ಲಿ ನಮಗೆ ಬೇಕಾದ ಭಾಗ ಇಷ್ಟು:

```
90  3C  52   Note On
80  3C  40   Note Off
```

90 ಅಂದರೆ ಒತ್ತಿದರು, 80 ಅಂದರೆ ಬಿಟ್ಟರು. ನಡುವಿನದು ಕೀ ನಂಬರ್, ಕೊನೆಯದು ಎಷ್ಟು ಜೋರು ಅನ್ನುವುದು. ಇವೆಲ್ಲ ಹದಿನಾರರ ಲೆಕ್ಕದ ಅಂಕೆಗಳು. ಹೆದರಬೇಡಿ, ಕೆಲವೇ ಕೆಲವು ನೆನಪಿಟ್ಟುಕೊಂಡರೆ ಸಾಕು. ಸಿ ಕೀಯನ್ನು ಸ ಅಂತ ಇಟ್ಟುಕೊಂಡರೆ ಮಧ್ಯ ಸ 3C, ರಿ 3E, ಗ 40, ಪ 43. ನಿಮ್ಮ ಮೇಲಿನ ಗ 4C. ಜೋರು ಅನ್ನುವುದು 01ರಿಂದ 7F ತನಕ, ಅಂದರೆ 1ರಿಂದ 127 ತನಕ. ಕೆಲವು ಕೀಬೋರ್ಡ್‌ಗಳು 80 ಕಳಿಸುವ ಬದಲು `90 3C 00` ಅಂತ ಕಳಿಸುತ್ತವೆ. ಸೊನ್ನೆ ಜೋರಿನಲ್ಲಿ ಒತ್ತಿದರು ಅಂದರೂ ಬಿಟ್ಟರು ಅಂತಲೇ ಅರ್ಥ. ಅದು ದೋಷವಲ್ಲ.

ಈಗ ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಕೀ ಒತ್ತಿ ಬಿಡುತ್ತಾ ಹೋಗಿ. ಒಂದು ಸಲ ಮೆತ್ತಗೆ, ಇನ್ನೊಂದು ಸಲ ನೀವು ಮಾಮೂಲಿಯಾಗಿ ನುಡಿಸುವ ಹಾಗೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಯಾವ ಕೀ ವಿಚಿತ್ರ ಅನ್ನಿಸಿತೋ ಅದನ್ನು ಬರೆಯಿರಿ. ಒಂದು ಕಪ್ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಇದನ್ನು ಮಾಡದೆ ಕೀಬೋರ್ಡ್ ಬಿಚ್ಚುವವರೇ ಜಾಸ್ತಿ.

ನಿಲ್ಲದ ಸ್ವರ: ಸಾಲುಗಳು ಏನು ಹೇಳುತ್ತವೆ

ನಿಮ್ಮ ಪತ್ರದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು "ಭಜನೆಯ ಮಧ್ಯೆ" ಅನ್ನುವ ಮಾತು. ಭಜನೆಯಲ್ಲಿ ಹಾಡುವವರು ಬದಲಾಗುತ್ತಾರೆ, ಶ್ರುತಿ ಬದಲಾಗುತ್ತದೆ. ಒಬ್ಬರದು ಕಪ್ಪು ಒಂದು, ಇನ್ನೊಬ್ಬರದು ಕಪ್ಪು ಎರಡು, ಹೆಂಗಸರು ಹಾಡಿದರೆ ಇನ್ನೂ ಮೇಲೆ. ನೀವು ಪ್ರತಿ ಶ್ರುತಿಗೂ ಬೇರೆ ಬೆರಳು ಹಾಕದೆ ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತೀರಿ, ಅಲ್ವಾ? ಆಗ ಇನ್ನೊಂದು ಕೈ ಎಲ್ಲಿರುತ್ತದೆ? ಹಾರ್ಮೋನಿಯಂ ಅಭ್ಯಾಸ ಇರುವವರ ಕೈ ಸ ಮೇಲೆ ಹಾಗೇ ಕೂತಿರುತ್ತದೆ. ತೊಂದರೆ ಹುಟ್ಟುವುದು ಅಲ್ಲೇ.

ಸ ಒತ್ತಿ ಹಿಡಿದಿದ್ದೀರಿ. ಕೀಬೋರ್ಡ್ 60 ಒತ್ತಿದರು ಅಂತ ಕಳಿಸಿದೆ. ಕೈ ತೆಗೆಯದೆ ಕಪ್ಪು ಎರಡಕ್ಕೆ ಹೋಗಲು ಟ್ರಾನ್ಸ್‌ಪೋಸ್ ಮೂರು ಮೆಟ್ಟಿಲು ಏರಿಸಿದಿರಿ. ಈಗ ಕೈ ತೆಗೆದರೆ, ಹಿಂದೆ ಕಳಿಸಿದ್ದು ನೆನಪಿಲ್ಲದ ಕೀಬೋರ್ಡ್ ಹೊಸ ಲೆಕ್ಕದ ಪ್ರಕಾರ 63 ಬಿಟ್ಟರು ಅಂತ ಕಳಿಸುತ್ತದೆ:

```
90  3C  5A   Note On
80  3F  40   Note Off
```

63 ಒತ್ತಿರಲೇ ಇಲ್ಲ, ಹಾಗಾಗಿ ಸ್ಫೋರ್ಜಾಂಡೋ ಸುಮ್ಮನಿರುತ್ತದೆ. 60ಕ್ಕೆ ಬಿಟ್ಟ ಸುದ್ದಿ ಇನ್ನು ಬರುವುದೇ ಇಲ್ಲ. ಹೊಸ ಶ್ರುತಿಯ ಜೊತೆ ಹಳೆಯ ಸ ಅಪಸ್ವರವಾಗಿ ಕೂಗುತ್ತಲೇ ಇರುತ್ತದೆ. ಆಕ್ಟೇವ್ ಗುಂಡಿಯಲ್ಲೂ ಹೀಗೇ ಆಗುತ್ತದೆ, ಆಗ ನಂಬರ್ 12ರಷ್ಟು ಹಿಂದೆ ಮುಂದೆ ಆಗಿರುತ್ತದೆ. ಎಲ್ಲ ಕೀಬೋರ್ಡ್‌ಗಳೂ ಹೀಗಲ್ಲ. ಒತ್ತಿದಾಗ ಕಳಿಸಿದ ನಂಬರನ್ನು ನೆನಪಿಟ್ಟು ಅದನ್ನೇ ಬಿಡಿಸುವವೂ ಇವೆ. ನಿಮ್ಮದು ಯಾವ ಜಾತಿ ಅಂತ ಮಿಡಿ-ಆಕ್ಸ್ ತೆರೆದು ಒಂದು ಸಲ ಹೀಗೆ ಮಾಡಿದರೆ ಗೊತ್ತಾಗುತ್ತದೆ.

ಮರೆಯುವ ಜಾತಿಯದ್ದಾದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯ ಸಹವಾಸವೇ ಬೇಡ. ಶ್ರುತಿ ಬದಲಿಸುವುದನ್ನು ಸಾಫ್ಟ್‌ವೇರಿನ ಒಳಗೆ ಮಾಡಿ. ಸ್ಫೋರ್ಜಾಂಡೋ ಓದುವ ಎಸ್‌ಎಫ್‌ಝಡ್ ಸೌಂಡ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, `<global>` ಕೆಳಗೆ `transpose=3` ಅಂತ ಬರೆದು ಬೇರೆ ಹೆಸರಿನಲ್ಲಿ ಉಳಿಸಿದರೆ ಅದು ಕಪ್ಪು ಎರಡರ ಹಾರ್ಮೋನಿಯಂ. ನಿಮ್ಮ ಗುಂಪಿಗೆ ಬೇಕಾದ ನಾಲ್ಕೈದು ಶ್ರುತಿಗೆ ನಾಲ್ಕೈದು ಫೈಲ್, ಬೇರೆ ಬೇರೆ ಟ್ರ್ಯಾಕಿನಲ್ಲಿ. ಬೇಕಾದ ಟ್ರ್ಯಾಕನ್ನು ಮಾತ್ರ ಚಾಲೂ ಮಾಡಿಕೊಳ್ಳಿ. ಟ್ರ್ಯಾಕ್ ಬದಲಿಸುವಾಗಲೂ ಕೀ ಮೇಲಿಂದ ಕೈ ತೆಗೆದಿರಬೇಕು, ಇಲ್ಲದಿದ್ದರೆ ಇದೇ ಕಥೆ ಇನ್ನೊಂದು ದಾರಿಯಲ್ಲಿ ಬರುತ್ತದೆ.

80 ಸರಿಯಾದ ನಂಬರಿನಲ್ಲೇ ಬಂದರೂ ಸ್ವರ ನಿಲ್ಲದಿದ್ದರೆ ಪೆಡಲ್ ನೋಡಿ. `B0 40 7F` ಅಂದರೆ ಸಸ್ಟೈನ್ ಪೆಡಲ್ ಕೆಳಗಿದೆ, `B0 40 00` ಅಂದರೆ ಮೇಲೆ ಬಂತು. ಕಾಲು ತೆಗೆದಾಗ 7F, ಒತ್ತಿದಾಗ 00 ಬರುತ್ತಿದ್ದರೆ ಪೆಡಲ್ ತಿರುಗುಮುರುಗಾಗಿದೆ. ಕೆಲವು ಪೆಡಲ್‌ಗಳಲ್ಲಿ ಒತ್ತಿದಾಗ ಸ್ವಿಚ್ ಕೂಡುತ್ತದೆ, ಕೆಲವದರಲ್ಲಿ ಬಿಡುತ್ತದೆ. ಬಹಳ ಕೀಬೋರ್ಡ್‌ಗಳು ಚಾಲೂ ಆಗುವ ಹೊತ್ತಿಗೆ ಪೆಡಲ್ ಹೇಗಿದೆಯೋ ಅದನ್ನೇ "ಕಾಲು ಮೇಲಿದೆ" ಅಂತ ಹಿಡಿಯುತ್ತವೆ. ಆಗ ನಿಮ್ಮ ಕಾಲು ಅಥವಾ ಚಾಪೆಯ ಅಂಚು ಪೆಡಲ್ ಮೇಲಿದ್ದರೆ ಇಡೀ ಸಂಜೆ ಉಲ್ಟಾ. ಕೀಬೋರ್ಡ್ ಬಂದ್ ಮಾಡಿ, ಪೆಡಲ್ ಸಿಕ್ಕಿಸಿ, ಕಾಲು ದೂರ ಇಟ್ಟು ಮತ್ತೆ ಚಾಲೂ ಮಾಡಿ. ಹಾರ್ಮೋನಿಯಂಗೆ ಪೆಡಲ್ ಬೇಕೇ ಇಲ್ಲ, ಕಿತ್ತಿಟ್ಟರೆ ಇನ್ನೂ ಒಳ್ಳೆಯದು.

80 ಬರಲೇ ಇಲ್ಲ ಅಂದರೆ ಒಂದೋ ಆ ಕೀಯದೇ ದೋಷ, ಇಲ್ಲವೇ ಸಂಪರ್ಕ ತಪ್ಪಿದೆ. ಒಂದೇ ಕೀಯಲ್ಲಿ ಮರುಕಳಿಸಿದರೆ ಕೀ ದೋಷ, ಅದಕ್ಕೆ ಆಮೇಲೆ ಬರುತ್ತೇನೆ. ಯಾವ ಕೀಯಾದರೂ ಆಗಬಹುದು, ಅದರ ಜೊತೆ ವಿಂಡೋಸ್ "ಟುಡುಂಗ್" ಅಂತ ಸದ್ದು ಮಾಡುತ್ತದೆ ಅಂದರೆ ಯುಎಸ್‌ಬಿ ಒಂದು ಕ್ಷಣ ಕಡಿದು ಹೋಗುತ್ತಿದೆ. ಆ ಕ್ಷಣದಲ್ಲಿ ಒತ್ತಿ ಹಿಡಿದಿದ್ದ ಸ್ವರಗಳೆಲ್ಲ ಅನಾಥ. ಕೇಬಲ್ ಬದಲಿಸಿ ನೋಡಿ. ಆಮೇಲೆ `Device Manager` ಒಳಗೆ `USB Root Hub` ತೆರೆದು, `Power Management` ಪುಟದಲ್ಲಿ `Allow the computer to turn off this device to save power` ಎದುರಿನ ಟಿಕ್ ತೆಗೆಯಿರಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುವಾಗಲೇ ಈ ಕಾಟ ಅಂದರೆ ಇದರ ಮೇಲೇ ಅನುಮಾನ. ನಮ್ಮ ಮಳೆಗಾಲದ ಸಂಜೆಗಳಲ್ಲಿ ಅದು ಅಪರೂಪದ ಸಂಗತಿಯೇನಲ್ಲ.

ಕಾರ್ಯಕ್ರಮದ ನಡುವೆ ಪತ್ತೇದಾರಿಕೆಗೆ ಪುರಸೊತ್ತಿರುವುದಿಲ್ಲ. ರೀಪರಿನಲ್ಲಿ `?` ಒತ್ತಿದರೆ ಆಕ್ಷನ್ ಪಟ್ಟಿ ತೆರೆಯುತ್ತದೆ. ಅಲ್ಲಿ `notes off` ಅಂತ ಹುಡುಕಿ, ಸಿಕ್ಕಿದ್ದಕ್ಕೆ ಲ್ಯಾಪ್‌ಟಾಪಿನ ಒಂದು ದೊಡ್ಡ ಗುಂಡಿ ಕೊಟ್ಟುಬಿಡಿ. ಅದು ಒತ್ತಿದರೆ ಎಲ್ಲ ಸ್ವರಗಳಿಗೂ ನಿಲ್ಲು ಅನ್ನುವ ಆಜ್ಞೆ ಹೋಗುತ್ತದೆ. ಆದರೆ ಪೆಡಲ್ ಕೆಳಗಿದೆ ಅಂತ ಸಾಫ್ಟ್‌ವೇರ್ ನಂಬಿಕೊಂಡಿದ್ದರೆ ಈ ಆಜ್ಞೆಗೂ ಸ್ವರ ಜಗ್ಗದಿರಬಹುದು. ಆಗ ಪೆಡಲನ್ನು ಒಂದು ಸಲ ಒತ್ತಿ ಬಿಡಬೇಕು.

ರಿ: ಕೀ ಸರಿ, ಫೈಲಿನಲ್ಲಿ ತೂತು

ಮಧ್ಯ ಸಪ್ತಕದ ರಿ ಯಾವತ್ತೂ ಬರುವುದಿಲ್ಲ ಅಂದಿದ್ದೀರಿ. ಮೆತ್ತಗೂ ಇಲ್ಲ, ಜೋರಾಗಿಯೂ ಇಲ್ಲ. ಮಳೆಯ ತೇವಕ್ಕೆ ಕೆಟ್ಟ ಕೀ ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಅದು ಒಮ್ಮೆ ಬರುತ್ತದೆ, ಒಮ್ಮೆ ಕೈ ಕೊಡುತ್ತದೆ. ಹಾಗಾಗಿ ಮಿಡಿ-ಆಕ್ಸ್‌ನಲ್ಲಿ 3E ಒತ್ತಿದಾಗ `90 3E` ಸಾಲು ಬರುತ್ತದೆ ಅಂತ ನನ್ನ ಅಂದಾಜು. ಬಂದರೆ ಕೀಬೋರ್ಡ್ ನಿರ್ದೋಷಿ. ರೀಪರಿನಲ್ಲಿ ಸ್ಫೋರ್ಜಾಂಡೋ ಬದಲು ರೀಪರಿನದೇ ರಿಯಾಸಿಂಥ್ ಹಾಕಿ ಅದೇ ಕೀ ಒತ್ತಿ. ಅಲ್ಲಿ ಸದ್ದು ಬಂದರೆ ಇನ್ನು ಅನುಮಾನವೇ ಇಲ್ಲ, ಸೌಂಡ್ ಫೈಲಿನಲ್ಲೇ ತೂತಿದೆ.

ಪುಕ್ಕಟೆ ಸಿಗುವ ಹಾರ್ಮೋನಿಯಂ ಫೈಲ್‌ಗಳಲ್ಲಿ ಪ್ರತಿ ಕೀಗೂ ಬೇರೆ ರೆಕಾರ್ಡಿಂಗ್ ಇರುವುದು ಕಡಿಮೆ. ನಾಲ್ಕು ಕೀಗೆ ಒಂದು ರೆಕಾರ್ಡಿಂಗ್ ಮಾಡಿ ಅದನ್ನೇ ಮೇಲೆ ಕೆಳಗೆ ಎಳೆದಿರುತ್ತಾರೆ. ಯಾವ ರೆಕಾರ್ಡಿಂಗ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಎಸ್‌ಎಫ್‌ಝಡ್ ಫೈಲಿನಲ್ಲಿ ಬರೆದಿರುತ್ತದೆ. ಅದು ಬರೀ ಅಕ್ಷರಗಳ ಫೈಲ್, ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಒಂದು ಪ್ರತಿ ಬೇರೆ ಕಡೆ ಇಟ್ಟು ತೆರೆದು ನೋಡಿ. ಈ ತರಹದ ಸಾಲುಗಳಿರುತ್ತವೆ:

```
<region> sample=h_c.wav lokey=58 hikey=61 pitch_keycenter=60
<region> sample=h_e.wav lokey=63 hikey=65 pitch_keycenter=64
```

ಮೊದಲ ರೆಕಾರ್ಡಿಂಗ್ 58ರಿಂದ 61ರ ತನಕ. ಎರಡನೆಯದು 63ರಿಂದ 65. ನಡುವಿನ 62 ಯಾರ ಪಾಲಿಗೂ ಬಂದಿಲ್ಲ. ಬರೆದವರ ಕಣ್ತಪ್ಪು. ಆ 62 ನಿಮ್ಮ ರಿ. ಎರಡನೆಯ ಸಾಲಿನಲ್ಲಿ `lokey=62` ಮಾಡಿ, ಉಳಿಸಿ, ಫೈಲನ್ನು ಮತ್ತೆ ಸ್ಫೋರ್ಜಾಂಡೋ ಮೇಲೆ ಎಳೆದು ಬಿಡಿ. ರಿ ಬರಬೇಕು. ಕೆಲವು ಫೈಲ್‌ಗಳಲ್ಲಿ ನಂಬರ್ ಬದಲು `d4` ಅಂತ ಬರೆದಿರುತ್ತಾರೆ, ಲೆಕ್ಕ ಒಂದೇ.

ಇದೇ ಫೈಲಿನಲ್ಲಿ `loop_mode=one_shot` ಅನ್ನುವ ಮಾತು ಕಂಡರೆ ಅದನ್ನೂ ನೋಡಿಕೊಳ್ಳಿ. ಅದಿರುವ ರೆಕಾರ್ಡಿಂಗ್ ಒಮ್ಮೆ ಶುರುವಾದರೆ ಕೈ ತೆಗೆದರೂ ಮುಗಿಯುವ ತನಕ ನುಡಿಯುತ್ತದೆ. ಡ್ರಮ್ಮಿಗೆ ಅದು ಬೇಕು, ಹಾರ್ಮೋನಿಯಂಗೆ ಬೇಡ. `loop_continuous` ಅಂತ ಬದಲಿಸಿ.

ಕೆಳಗಿನ ಇಡೀ ಸಪ್ತಕ ಸುಮ್ಮನಿದ್ದರೆ ಅದು ತೂತೂ ಅಲ್ಲ. ಆ ಹಾರ್ಮೋನಿಯಂನಲ್ಲಿ ಅಷ್ಟು ಕೆಳಗಿನ ಸ್ವರವೇ ಇರಲಿಲ್ಲ, ರೆಕಾರ್ಡ್ ಮಾಡಿಲ್ಲ ಅಷ್ಟೆ.

ಮೇಲಿನ ಗ: ಇಲ್ಲಿ ಬಿಚ್ಚಬೇಕು

ಜೋರಾಗಿ ಒತ್ತಿದರೆ ಮಾತ್ರ ಬರುವ ಗ ಬೇರೆ ಕಥೆ. ಮಿಡಿ-ಆಕ್ಸ್‌ನಲ್ಲಿ 4C ಮೆತ್ತಗೆ ಒತ್ತಿದಾಗ ಸಾಲೇ ಬರುವುದಿಲ್ಲ. ಜೋರಾಗಿ ಒತ್ತಿದಾಗ ಬರುತ್ತದೆ, ಆದರೆ ಕೊನೆಯ ಅಂಕೆ ನಂಬುವ ಹಾಗಿರುವುದಿಲ್ಲ. ಒಮ್ಮೆ 7F, ಒಮ್ಮೆ 03. ಹಾರ್ಮೋನಿಯಂ ಸೌಂಡ್ ಹೆಚ್ಚಾಗಿ ಈ ಜೋರಿನ ಅಂಕೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲವಾದ್ದರಿಂದ ಕಿವಿಗೆ ಇದು ತಿಳಿಯುವುದಿಲ್ಲ.

ಪ್ರತಿ ಕೀ ಕೆಳಗೆ ರಬ್ಬರಿನ ಒಂದು ಗುಮ್ಮಟ ಇದೆ. ಅದರ ಒಳಗೆ ಎರಡು ಕಪ್ಪು ಕಾರ್ಬನ್ ಬಿಲ್ಲೆ. ಕೀ ಕೆಳಗಿಳಿಯುವಾಗ ಮೊದಲು ಒಂದು ಬಿಲ್ಲೆ ಬೋರ್ಡಿಗೆ ತಾಗುತ್ತದೆ, ಕ್ಷಣದ ನಂತರ ಎರಡನೆಯದು. ಇವೆರಡರ ನಡುವಿನ ಸಮಯ ಅಳೆದು ಕೀಬೋರ್ಡ್ ನೀವು ಎಷ್ಟು ಜೋರಾಗಿ ಒತ್ತಿದಿರಿ ಅಂತ ಲೆಕ್ಕ ಹಾಕುತ್ತದೆ. ಬಿಲ್ಲೆ ಮತ್ತು ಬೋರ್ಡಿನ ನಡುವೆ ಉಪ್ಪಿನ ತೇವ, ಧೂಳು ಕೂತರೆ ಮೆತ್ತಗಿನ ಒತ್ತು ಸಾಕಾಗುವುದಿಲ್ಲ. ಸಂಪರ್ಕ ಅರೆಬರೆಯಾದರೆ ಸಮಯದ ಲೆಕ್ಕ ತಪ್ಪುತ್ತದೆ. ತೇವದ ಪದರ ತಾನೇ ಸ್ವಲ್ಪ ಕರೆಂಟ್ ಹರಿಸುವಷ್ಟಿದ್ದರೆ ಕೀ ಬಿಟ್ಟರೂ ಬಿಟ್ಟಂತೆ ಆಗುವುದಿಲ್ಲ, 80 ಬರುವುದಿಲ್ಲ. ಆಷಾಢ ಕಳೆದ ಮೇಲೆ ಘಟ್ಟದ ಕೆಳಗಿಂದ ಶಿರಸಿಗೆ ನನ್ನ ಹತ್ತಿರ ಬರುವ ಕೀಬೋರ್ಡ್‌ಗಳಲ್ಲಿ ಇದೇ ರೋಗ ಜಾಸ್ತಿ. ಬೋರ್ಡಿನ ಮೇಲೆ ಮಂಕಾದ ಬಿಳಿ ಪದರ ಕಣ್ಣಿಗೇ ಕಾಣುತ್ತದೆ.

ವಾರಂಟಿ ಇದ್ದರೆ ಬಿಚ್ಚಬೇಡಿ, ಅಂಗಡಿಗೆ ಕೊಡಿ. ಮುಗಿದಿದ್ದರೆ ಮುಂದೆ ಓದಿ.

ಮೊದಲು ಆ ಕೀಯನ್ನು ಬೆರಳಿನಿಂದ ಮೇಲಕ್ಕೆ ಎತ್ತಿ ನೋಡಿ. ಅದು ಅಕ್ಕಪಕ್ಕದ ಕೀಗಿಂತ ತುಸು ಕೆಳಗೆ ಕೂತಿದ್ದು, ಎತ್ತಿದ ತಕ್ಷಣ ಕೂಗು ನಿಂತರೆ ತೊಂದರೆ ಬಿಲ್ಲೆಯದ್ದಲ್ಲ. ಕೀ ಸಂದಿಯಲ್ಲಿ ಕಸ ಸಿಕ್ಕಿದೆ, ಇಲ್ಲವೇ ಗ್ರೀಸ್ ಗಟ್ಟಿಯಾಗಿದೆ.

ಕೇಬಲ್, ಪೆಡಲ್ ಎಲ್ಲ ತೆಗೆಯಿರಿ. ಮೇಜಿನ ಮೇಲೆ ಟವೆಲ್ ಹಾಸಿ ಕೀಬೋರ್ಡನ್ನು ಬೋರಲು ಮಲಗಿಸಿ. ಸ್ಕ್ರೂಗಳು ಉದ್ದ, ಗಿಡ್ಡ ಎರಡೂ ಇರುತ್ತವೆ. ಕಾಗದದ ಮೇಲೆ ಕೀಬೋರ್ಡಿನ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ. ತಳದ ಮುಚ್ಚಳ ತೆಗೆಯುವಾಗ ಒಳಗಿನ ಪಟ್ಟಿ ತಂತಿಗಳನ್ನು ಎಳೆಯಬೇಡಿ. ಬಿಡಿಸಬೇಕಾದರೆ ಪ್ಲಗ್ಗನ್ನೇ ಹಿಡಿದು ಬಿಡಿಸಿ, ಮೊದಲು ಒಂದು ಫೋಟೋ ತೆಗೆದಿಡಿ. ಕೀಗಳ ಕೆಳಗಿನ ಉದ್ದನೆಯ ಬೋರ್ಡ್ ಬಿಚ್ಚಿದರೆ ರಬ್ಬರ್ ಪಟ್ಟಿಗಳು ಕಾಣುತ್ತವೆ, ಹೆಚ್ಚಾಗಿ ಒಂದು ಸಪ್ತಕಕ್ಕೆ ಒಂದು. ಅವು ಸಣ್ಣ ಸಣ್ಣ ಮೊಳೆಯಂಥ ರಬ್ಬರ್ ತುದಿಗಳಿಂದ ಬೋರ್ಡಿನ ತೂತುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಒಂದು ತುದಿಯಿಂದ ನಿಧಾನ ಎಬ್ಬಿಸುತ್ತಾ ಬನ್ನಿ. ಜೋರಾಗಿ ಎಳೆದರೆ ತುದಿ ಕಿತ್ತು ಹೋಗುತ್ತದೆ.

ಬೋರ್ಡನ್ನು ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, 99 ಪರ್ಸೆಂಟಿನದ್ದು. ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಅಂದರೆ ಕೊಡುತ್ತಾರೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಗುಟು ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಅಂತೂ ಬೇಡವೇ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಐಪಿಎ ತಾಗಿಸಿ, ತೊಟ್ಟಿಕ್ಕದ ಹಾಗೆ ಹಿಂಡಿ, ಬೋರ್ಡಿನ ಮೇಲಿನ ಸಂಪರ್ಕದ ಜಾಗಗಳನ್ನು ಮೆಲ್ಲಗೆ ಒರೆಸಿ. ಹತ್ತಿ ಕೊಳೆಯಾದ ಕೂಡಲೇ ಹೊಸ ಕಡ್ಡಿ. ಬೋರ್ಡಿನ ಮೇಲೂ ಕಪ್ಪು ಕಾರ್ಬನ್ ಮುದ್ರಿಸಿರುವುದುಂಟು, ಅದನ್ನು ತಿಕ್ಕಿದರೆ ಅಳಿಸಿ ಹೋಗುತ್ತದೆ. ಎರಡು ಮೂರು ಸಲ ಹಗುರವಾಗಿ ಒರೆಸಿದರೆ ಸಾಕು. ರಬ್ಬರಿನ ಬಿಲ್ಲೆಗಳಿಗೆ ಒಣ ಬಟ್ಟೆ ಸಾಕು, ನೂಲು ಬಿಡದ, ಕನ್ನಡಕ ಒರೆಸುವಂಥದ್ದು. ಅದಕ್ಕೂ ಜಗ್ಗದ ಕೊಳೆ ಇದ್ದರೆ ಮಾತ್ರ ತುಸು ಐಪಿಎ.

ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ಐಪಿಎ ಬೇಗ ಆರುತ್ತದೆ, ಆದರೆ ಮಳೆಗಾಲದ ನಮ್ಮ ಗಾಳಿಯಲ್ಲಿ ಅವಸರ ಬೇಡ. ಪಟ್ಟಿ ಮತ್ತೆ ಕೂರಿಸುವಾಗ ಮೊಂಡು ತುದಿಯ ಕಡ್ಡಿಯಿಂದ ಪ್ರತಿ ರಬ್ಬರ್ ತುದಿಯನ್ನೂ ತೂತಿನೊಳಗೆ ಪೂರ್ತಿ ತಳ್ಳಿ. ಒಂದು ತುದಿ ಮೇಲೆದ್ದಿದ್ದರೂ ಆ ಕೀ ಒತ್ತದೆಯೇ ಒತ್ತಿದಂತಾಗಬಹುದು. ಎಲ್ಲ ಸ್ಕ್ರೂ ಬಿಗಿಯುವ ಮೊದಲೇ ಕೇಬಲ್ ಹಾಕಿ ಮಿಡಿ-ಆಕ್ಸ್‌ನಲ್ಲಿ 49 ಕೀಗಳನ್ನೂ ಪರೀಕ್ಷೆ ಮಾಡಿ.

ಸ್ವಚ್ಛ ಮಾಡಿದ ಮೇಲೂ ಗ ಹಟ ಹಿಡಿದರೆ ಆ ಸಪ್ತಕದ ರಬ್ಬರ್ ಪಟ್ಟಿಯನ್ನು ಪಕ್ಕದ ಸಪ್ತಕದ್ದರ ಜೊತೆ ಅದಲು ಬದಲು ಮಾಡಿ. ನಿಮ್ಮ ಗ ಕೊನೆಯ ಸಪ್ತಕದ್ದು, ಆ ಪಟ್ಟಿಯಲ್ಲಿ ಒಂದು ಕೀ ಹೆಚ್ಚಿದ್ದು ಅಳತೆ ಕೂಡದಿದ್ದರೆ ಈ ಪರೀಕ್ಷೆ ಬಿಡಿ. ಈಗ ಪಕ್ಕದ ಸಪ್ತಕದ ಗ ಕೈ ಕೊಟ್ಟರೆ ದೋಷ ರಬ್ಬರಿನದು, ಆ ಪಟ್ಟಿ ಮಾತ್ರ ತರಿಸಿದರೆ ಆಯಿತು. ಅಲ್ಲೇ ಉಳಿದರೆ ಬೋರ್ಡಿನದು. ರಬ್ಬರ್ ಸಿಗುವ ತನಕ ಕೆಟ್ಟ ಬಿಲ್ಲೆಯ ಪಟ್ಟಿಯನ್ನು ನೀವು ಬೆರಳಿಡದ ಕೆಳಗಿನ ಸಪ್ತಕಕ್ಕೆ ಹಾಕಿಕೊಂಡು ಭಜನೆ ಸಾಗಿಸಬಹುದು.

ನಿಮ್ಮ ಕಾಗದದ ಪಟ್ಟಿಯಲ್ಲಿ ಸತ್ತ ಕೀಗಳು ಒಂದು ಲೆಕ್ಕಕ್ಕೆ ಸಿಗುತ್ತಿದ್ದರೆ, ಅಂದರೆ ಎಂಟೆಂಟು ಕೀಗೆ ಒಂದು ಸತ್ತಿದ್ದರೆ ಅಥವಾ ಅಕ್ಕಪಕ್ಕದ ಎಂಟು ಕೀ ಒಟ್ಟಿಗೆ ಸತ್ತಿದ್ದರೆ, ಐಪಿಎ ಹಿಡಿದು ಕೂರಬೇಡಿ. ಕೀಗಳ ತಂತಿ ಒಂದೊಂದಕ್ಕೆ ಬೇರೆ ಬೇರೆ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲು ಅಂತ ಹೆಣೆದಿರುತ್ತಾರೆ, ಹೆಚ್ಚಾಗಿ ಎಂಟರ ಗುಂಪಿನಲ್ಲಿ. ಒಂದು ಸಾಲು ಕಡಿದರೆ ಅದರ ಮೇಲಿನ ಎಲ್ಲ ಕೀಗಳೂ ಹೋಗುತ್ತವೆ. ಪಟ್ಟಿ ತಂತಿಯ ಪ್ಲಗ್ಗನ್ನು ಒಂದು ಸಲ ಬಿಡಿಸಿ ಮತ್ತೆ ಒತ್ತಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬೆಸುಗೆ ಬಲ್ಲವರ ಹತ್ತಿರ ಹೋಗಿ, ಸತ್ತ ಕೀಗಳ ನಂಬರ್ ಪಟ್ಟಿಯನ್ನು ಕೀಬೋರ್ಡಿನ ಜೊತೆಗೇ ಕೊಡಿ. ಯಾವ ಸಾಲು ಕಡಿದಿದೆ ಅಂತ ಅವರಿಗೆ ಆ ನಂಬರುಗಳಿಂದಲೇ ಗೊತ್ತಾಗುತ್ತದೆ, ಹುಡುಕುವ ಕೂಲಿ ನಿಮಗೆ ಉಳಿಯುತ್ತದೆ.